ನೀಟ್ ಮತ್ತು ಸಿಇಟಿ ಒಟ್ಟಿಗೆ: ಸಮಯ ಹಂಚುವುದು ಹೇಗೆ?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವಳು, ದ್ವಿತೀಯ ಪಿಯು ಪಿಸಿಎಂಬಿ. ನೀಟ್, ಸಿಇಟಿ ಇಂಜಿನಿಯರಿಂಗ್ ಎರಡನ್ನೂ ಬರೆಯಬೇಕು. ದಿನಕ್ಕೆ ನಾಲ್ಕು ಗಂಟೆ ಸಿಗುತ್ತದೆ. ಹೇಗೆ ಹಂಚಲಿ?

ಉತ್ತರ: ಎರಡು ಟೈಮ್‌ಟೇಬಲ್ ಮಾಡಬೇಡಿ. ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡಕ್ಕೂ ಬೇಕು, ಅವಕ್ಕೆ ಎರಡು ಗಂಟೆ ಕೊಡಿ. ಓದುವಾಗ ನೀಟ್ ಮಟ್ಟಕ್ಕೇ ಓದಿ, ಸಿಇಟಿಗೂ ಆಗುತ್ತದೆ.

ಉಳಿದ ಎರಡು ಗಂಟೆ ಜೀವಶಾಸ್ತ್ರಕ್ಕೂ ಗಣಿತಕ್ಕೂ. ಇಲ್ಲೇ ಜಗಳ! ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ. ಗಣಿತ ಸಿಇಟಿಯ ಮೂರರಲ್ಲಿ ಒಂದು ಪಾಲು, 180ರಲ್ಲಿ 60. ಆದರೆ ಗಣಿತ ಕೈ ತಪ್ಪಿದರೆ ಬೇಗ ಮರೆಯುತ್ತದೆ. ಹಾಗಾಗಿ ಗಣಿತ ದಿನಾ ಮುಕ್ಕಾಲು ಗಂಟೆ ಲೆಕ್ಕ ಬಿಡಿಸಿಯೇ ಮಾಡಿ, ಜೀವಶಾಸ್ತ್ರಕ್ಕೆ ಒಂದೂಕಾಲು ಗಂಟೆ. ಮಳೆಗಾಲದಲ್ಲಿ ಕರೆಂಟ್ ಹೋದ ರಾತ್ರಿ ಎನ್‌ಸಿಇಆರ್‌ಟಿ ಪುಸ್ತಕದ ಸಾಲುಗಳನ್ನು ಟಾರ್ಚ್ ಬೆಳಕಿನಲ್ಲೂ ಓದಬಹುದು, ಲೆಕ್ಕ ಕಷ್ಟ ಅಲ್ವಾ!

ಭಾನುವಾರದ ಮಾದರಿ ಪರೀಕ್ಷೆಗಳನ್ನು ಮಾತ್ರ ಬೆರೆಸಬೇಡಿ. ಸಿಇಟಿಯಲ್ಲಿ ಒಂದು ವಿಷಯದ 60 ಪ್ರಶ್ನೆಗೆ 80 ನಿಮಿಷ, ತಪ್ಪಿಗೆ ಅಂಕ ಕಡಿತವಿಲ್ಲ. ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ, ತಪ್ಪಿಗೆ ಒಂದು ಅಂಕ ಹೋಗುತ್ತದೆ. ನಾನು ಸಿಇಟಿ ಅಭ್ಯಾಸದಲ್ಲೇ ನೀಟ್ ಮಾದರಿ ಬರೆದು, ಒಂದೂ ಆಯ್ಕೆ ತೆಗೆದುಹಾಕಲಾಗದ 12 ಪ್ರಶ್ನೆಗಳಿಗೆ ಸುಮ್ನೆ ಗುರುತು ಹಾಕಿದ್ದೆ. ಎರಡು ಸರಿ, ಹತ್ತು ತಪ್ಪು. ಎಂಟು ಬಂತು, ಹತ್ತು ಹೋಯಿತು. ಎರಡು ಆಯ್ಕೆಗಳನ್ನು ಖಚಿತವಾಗಿ ತೆಗೆದುಹಾಕಲು ಆದರೆ ಊಹಿಸಿ, ಇಲ್ಲದಿದ್ದರೆ ಬಿಡಿ.

ಪಿಯು ಅಂಕವೂ ಇಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅರ್ಧ ಪಾಲು. ಆದ್ದರಿಂದ ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಬೋರ್ಡ್ ಪರೀಕ್ಷೆಯ ದೊಡ್ಡ ಉತ್ತರಗಳನ್ನು ಬರೆಯಲು ಶುರು ಮಾಡಿ.