ಲೈಕಿಗೆ ತಾರೀಖು ಇರುವುದಿಲ್ಲ

ನನ್ನ ಹತ್ತಿರ ಬರುವ ಜೋಡಿಗಳು ಈಚೆಗೆ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಫೋನ್ ಮುಂದೆ ಹಿಡಿಯುತ್ತಾರೆ. "ನೋಡ್ರಿ ಮೇಡಮ್, ಇದಕ್ಕ ಏನಂತೀರಿ ನೀವ ಹೇಳ್ರಿ." ಪರದೆಯ ಮೇಲೆ ಒಂದು ಸ್ಕ್ರೀನ್‌ಶಾಟ್. ಯಾರದೋ ಹಳೆಯ ಫೋಟೋ, ಅದಕ್ಕೆ ಗಂಡನ ಲೈಕ್, ಇಲ್ಲವೇ ಹೆಂಡತಿಯ ಲೈಕ್. ವಿಜಯಪುರದಲ್ಲಿ ನಾನು ಜೋಡಿಗಳ ಜಗಳ ಕೇಳಿ ಸಲಹೆ ಕೊಡುವ ಈ ಕೆಲಸ ಶುರು ಮಾಡಿದಾಗ ಇಂಥ ದೂರು ವರ್ಷಕ್ಕೆ ಒಂದೆರಡು ಬರುತ್ತಿದ್ದವು. ಈಗ ಪದೇ ಪದೇ ಬರುತ್ತವೆ. ಅವುಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಬ್ಬರ ಒಪ್ಪಿಗೆಯೂ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗಿ ಇಲ್ಲಿಯವಳು, ಆಸ್ಪತ್ರೆಯೊಂದರಲ್ಲಿ ನರ್ಸ್. ಹುಡುಗನದು ಪುಣೆಯಲ್ಲಿ ಕೆಲಸ. ಎಂಟು ತಿಂಗಳ ಹಿಂದೆ ಹುಡುಗನ ಕಡೆಯ ಹತ್ತು ಮಂದಿ ಬಂದು ಉಡಿ ತುಂಬಿ ಹೋಗಿದ್ದರು. ಮದುವೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಮೊದಲ ಎರಡು ಸಲ ಆಕೆ ಒಬ್ಬಳೇ ಬಂದಳು. ಮೂರನೇ ಸಲ, ಸಿದ್ಧೇಶ್ವರ ಜಾತ್ರೆಗೆ ಊರಿಗೆ ಬಂದಿದ್ದ ಹುಡುಗನೂ ಜೊತೆಗಿದ್ದ. ಇಬ್ಬರನ್ನೂ ಕೂಡಿಸಿ ಮಾತಾಡಿಸುವ ಮೊದಲು ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳುವುದು ನನ್ನ ರೂಢಿ. ಬೆದರಿಕೆ ಇದೆಯಾ? ಕೈ ಎತ್ತಿದ್ದುಂಟಾ? ಫೋನ್ ಕಸಿದುಕೊಂಡದ್ದುಂಟಾ? ಇವರಲ್ಲಿ ಅದು ಯಾವುದೂ ಇರಲಿಲ್ಲ. ಇದ್ದಿದ್ದರೆ ಮುಂದೆ ಹೇಳುವ ಯಾವ ಸಲಹೆಯನ್ನೂ ನಾನು ಕೊಡುತ್ತಿರಲಿಲ್ಲ. ಪಾಸ್‌ವರ್ಡ್ ಕೇಳಿ, ಕೊಡದಿದ್ದರೆ ಹೊಡೆಯುವವನ ಮನೆಯಲ್ಲಿ ನಡೆಯುವುದು ಅನುಮಾನದ ಜಗಳ ಅಲ್ಲ. ಅಲ್ಲಿ ಮೊದಲು ನೋಡಬೇಕಾದದ್ದು ಹೆಣ್ಣಿನ ಸುರಕ್ಷತೆ.

ಆಕೆಯ ದೂರು ಹೀಗಿತ್ತು. ಹುಡುಗನ ಕಾಲೇಜಿನ ಗೆಳತಿ ಒಬ್ಬಳು ಇನ್‌ಸ್ಟಾಗ್ರಾಮಿನಲ್ಲಿದ್ದಾಳೆ. ಆಕೆಯ ಹಳೆಯ ಫೋಟೋಕ್ಕೆ ಈತ ಲೈಕ್ ಒತ್ತಿದ್ದಾನೆ. "ನಿಶ್ಚಯ ಆದ ಮ್ಯಾಲೆ ಹಳೇ ಫೋಟೋ ಹುಡುಕ್ಕೊಂಡು ಹೋಗಿ ಲೈಕ್ ಮಾಡ್ತಾರಂದ್ರ ಏನ್ ತಿಳ್ಕೋಬೇಕ್ರಿ?"

ಪ್ರಶ್ನೆ ಸರಿಯಾದದ್ದೇ. ಯಾರಾದರೂ ಇವತ್ತು ಕೂತು ಇನ್ನೊಬ್ಬರ ಐದಾರು ವರ್ಷ ಹಿಂದಿನ ಫೋಟೋಕ್ಕೆ ಲೈಕ್ ಒತ್ತಿದರೆ ಆ ಫೋಟೋದವರಿಗೆ ನೋಟಿಫಿಕೇಶನ್ ಹೋಗುತ್ತದೆ. "ನಾನು ನಿನ್ನ ಪುಟದಲ್ಲಿ ಅಷ್ಟು ಕೆಳಗೆ ಇಳಿದಿದ್ದೆ" ಅಂತ ಹೇಳಿ ಕಳಿಸಿದ ಹಾಗೆ ಅದು. ಬಾಗಿಲು ಬಡಿದಂತೆಯೇ ಸರಿ. ಒತ್ತಿದವರು "ಸುಮ್ನೆ ಒತ್ತಿದೆ" ಅಂದರೆ ನಾನು ಒಪ್ಪುವುದಿಲ್ಲ. ಹಾಗಾಗಿ ಆಕೆಯ ಮಾತನ್ನು ನಾನು ತಳ್ಳಿಹಾಕಲಿಲ್ಲ. "ಆ ಲೈಕ್ ನಿನಗ ಹೆಂಗ ಕಾಣ್ತು, ಮಾಡಿ ತೋರಿಸವ್ವಾ" ಅಂದೆ.

ಆಕೆ ಫೋನ್ ತೆಗೆದಳು. ಹುಡುಕುವ ಜಾಗ ಒತ್ತಿದ ಕೂಡಲೇ ಆ ಗೆಳತಿಯ ಹೆಸರು ಎಲ್ಲಕ್ಕಿಂತ ಮೇಲೆ ಬಂತು. ಅಕ್ಷರ ಟೈಪ್ ಮಾಡುವ ಅಗತ್ಯವೇ ಬೀಳಲಿಲ್ಲ. ಹೆಬ್ಬೆರಳು ಫೋಟೋಗಳನ್ನು ಮೇಲಕ್ಕೆ ತಳ್ಳುತ್ತಾ ಹೋಯಿತು. ಮದುವೆ ಮನೆಗಳು, ಒಂದು ಗೋವಾ ಪ್ರವಾಸ, ಹುಟ್ಟುಹಬ್ಬದ ಕೇಕುಗಳು, ನಾಯಿಮರಿ, ಮಾಸ್ಕ್ ಹಾಕಿಕೊಂಡ ದಿನಗಳು. ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು. ಆ ಫೋಟೋ ಮುಟ್ಟಲು ಹೆಚ್ಚುಕಡಿಮೆ ಎರಡು ನಿಮಿಷ ಬೇಕಾಯಿತು. ಅಷ್ಟು ಹೊತ್ತಿನಲ್ಲಿ ಆಕೆ ಒಂದು ಸಲವೂ ತಪ್ಪಿ ಬೇರೆ ಫೋಟೋ ತೆರೆಯಲಿಲ್ಲ. ಬೆರಳಿಗೆ ದಾರಿ ಗೊತ್ತಿತ್ತು.

2018ರ ಕಾಲೇಜ್ ಗ್ಯಾದರಿಂಗ್ ಫೋಟೋ. ನಾಲ್ಕು ಹುಡುಗಿಯರು ಸೀರೆ ಉಟ್ಟು ನಿಂತಿದ್ದಾರೆ. ಕೆಳಗೆ Liked by ಅಂತ ಇದ್ದು, ಮುಂದೆ ಹುಡುಗನ ಹೆಸರು.

"ಯಾವಾಗ ಲೈಕ್ ಮಾಡ್ಯಾರ?"

"ಮೊನ್ನೆ ಮಾಡ್ಯಾರ್ರಿ."

"ಮೊನ್ನೆ ಅಂತ ಎಲ್ಲಿ ಬರದೈತಿ?"

ಆಕೆ ನೋಡಿದಳು. ಮತ್ತೆ ನೋಡಿದಳು. ಫೋಟೋ ಹಾಕಿದ ತಾರೀಖು ಇತ್ತು. ಲೈಕಿಗೆ ತಾರೀಖು ಇರಲಿಲ್ಲ. ಅದು ನೋಡುವವರಿಗೆ ಕಾಣುವುದೇ ಇಲ್ಲ. ನಾವು ಫಾಲೋ ಮಾಡುವವರು ಯಾರಾದರೂ ಲೈಕ್ ಮಾಡಿದ್ದರೆ ಇನ್‌ಸ್ಟಾಗ್ರಾಮ್ ಅವರ ಹೆಸರನ್ನು ಎತ್ತಿ ತೋರಿಸುತ್ತದೆ, ಅಷ್ಟೇ. ಆ ಲೈಕ್ ಏಳು ವರ್ಷದ್ದೋ ಏಳು ದಿನದ್ದೋ ಹೇಳುವುದಿಲ್ಲ. ಆಕೆಗೆ ಆ ಹೆಸರು ಮೊನ್ನೆ ಕಂಡಿತ್ತು. ಅದಕ್ಕೆ ಲೈಕೂ ಮೊನ್ನೆಯದೇ ಅಂದುಕೊಂಡಿದ್ದಳು. 2018ರಲ್ಲಿ ಹುಡುಗ ಅದೇ ಕ್ಲಾಸಿನಲ್ಲಿದ್ದ. ಗ್ಯಾದರಿಂಗ್ ಆದ ರಾತ್ರಿ ಕ್ಲಾಸಿನವರೆಲ್ಲ ಒಬ್ಬರ ಫೋಟೋಕ್ಕೆ ಒಬ್ಬರು ಲೈಕ್ ಒತ್ತುವುದು ಇದ್ದದ್ದೇ ಅಲ್ವಾ?

ಹುಡುಗ ಕೂಡಲೇ ತನ್ನ ಫೋನಿಗೆ ಕೈ ಹಾಕಿದ. ತಾನು ಯಾವುದಕ್ಕೆಲ್ಲ ಲೈಕ್ ಒತ್ತಿದ್ದೇನೆ ಅನ್ನುವ ಪಟ್ಟಿ ಅವರವರ ಖಾತೆಯಲ್ಲಿ Your activity ಒಳಗೆ ಸಿಗುತ್ತದೆ. "ನಾ ತೋರಸ್ತೀನ್ರಿ ಮೇಡಮ್. ಎಲ್ಲಾ ಈಗ ಬಗೆಹರಿತೈತಿ."

ನಾನು ಬೇಡ ಅಂದೆ.

ಈ 'ಬೇಡ'ಕ್ಕಾಗಿ ಹುಡುಗಿಯ ತಾಯಿ ಆಮೇಲೆ ನನ್ನ ಮೇಲೆ ಸಿಟ್ಟಾದರು. "ತೋರಸ್ತೀನಿ ಅಂದ್ರ ಬ್ಯಾಡ ಅಂದ್ರಂತಲ್ಲ, ಹುಡುಗನ ಕಡೆ ಅದೀರೇನು?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಆತ ಅದಕ್ಕಿಂತ ಮೊದಲು ಮೂರು ಸಲ ಫೋನ್ ಬಿಚ್ಚಿ ತೋರಿಸಿದ್ದ. ಮೊದಲ ಸಲ ತೋರಿಸಿದ ಮೇಲೆ ಹದಿನೈದು ದಿನ ನೆಮ್ಮದಿ ಇತ್ತಂತೆ. ಎರಡನೇ ಸಲ ಐದು ದಿನ. ಮೂರನೇ ಸಲ ಬೆಳಗಾಗುವುದರೊಳಗೆ ಇನ್ನೊಂದು ಪ್ರಶ್ನೆ ಬಂದಿತ್ತು: "ಅಳಿಸಿ ತೋರಿಸಿದ್ರೇನು?" ಇದನ್ನು ಆಕೆಯೇ ನನಗೆ ಮೊದಲ ಭೇಟಿಯಲ್ಲಿ ಹೇಳಿದ್ದಳು. ಪುರಾವೆ ಕೊಟ್ಟಷ್ಟೂ ನೆಮ್ಮದಿಯ ಆಯುಷ್ಯ ಕಡಿಮೆಯಾಗುತ್ತಾ ಬಂದರೆ, ರೋಗ ಬೇರೆ ಕಡೆ ಇದೆ ಅಂತಲೇ ಅರ್ಥ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು 2009ರಲ್ಲೇ ಫೇಸ್‌ಬುಕ್ ಬಳಸುವ ವಿದ್ಯಾರ್ಥಿಗಳ ಬಗ್ಗೆ ಇಂಥ ಸುತ್ತನ್ನು ಬರೆದಿದ್ದಾರೆ. ಸಂಗಾತಿಯ ಪುಟ ನೋಡಿದಷ್ಟೂ ಅರೆಬರೆ ಸುದ್ದಿ ಸಿಗುತ್ತದೆ, ಅದರಿಂದ ಅಸೂಯೆ ಜಾಸ್ತಿಯಾಗುತ್ತದೆ, ಅಸೂಯೆ ಮತ್ತೆ ಪುಟ ನೋಡಿಸುತ್ತದೆ. ನಾಲ್ಕನೇ ಸಲ ತೋರಿಸುವುದು ನನ್ನ ಕೋಣೆಯಲ್ಲೇ ನಡೆದಿದ್ದರೆ, ಆ ಸುತ್ತಿಗೆ ನಾನೇ ಇನ್ನೊಂದು ತಿರುವು ಕೊಟ್ಟ ಹಾಗಾಗುತ್ತಿತ್ತು.

ಫೋನನ್ನು ಮೇಜಿನ ಮೇಲೆ ಮಗುಚಿ ಇಡಿಸಿದೆ. ಆಕೆ ತಂದಿದ್ದ ಕುಸುರೆಳ್ಳಿನ ಡಬ್ಬಿಯೂ ಅಲ್ಲೇ ಇತ್ತು. ಆಮೇಲೆ ಕೇಳಿದೆ: "ಆ ಹುಡುಗಿಯಿಂದ ನಿನಗ ಏನ್ ಹೆದರಿಕಿ ಐತಿ, ಹೇಳು."

ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ನನಗ ಆಕಿ ಹೆದರಿಕಿ ಇಲ್ರಿ. ನಮ್ಮ ಓಣಿ ತುಂಬ ಎಲ್ಲಾರಿಗೂ ಗೊತ್ತೈತಿ, ದಿನಾ ಒಬ್ರು 'ಎಂದವ್ವಾ ಮದುವಿ' ಅಂತ ಕೇಳ್ತಾರ. ಇವರ ಕಡಿ ಹತ್ತು ಮಂದಿ ಬಿಟ್ರ ಯಾರಿಗೂ ಗೊತ್ತಿಲ್ಲ. ನಾಳೆ ಆ ಹತ್ತು ಮಂದಿ ಒಲ್ಲೆ ಅಂದ್ರ, ನಾ ಇದ್ದೆ ಅಂತ ಹೇಳಾಕ ಒಬ್ರೂ ಇಲ್ರಿ."

ಹುಡುಗ ತಲೆ ಎತ್ತಿ ನೋಡಿದ. ಎಂಟು ತಿಂಗಳಲ್ಲಿ ಈ ಮಾತು ಆತನ ಕಿವಿಗೆ ಬಿದ್ದದ್ದು ಅದೇ ಮೊದಲು. ಅಲ್ಲಿಯವರೆಗೆ ಬಂದದ್ದೆಲ್ಲ ರಾತ್ರಿ ಹನ್ನೊಂದರ ಮೇಲೆ ಬರುವ ಸ್ಕ್ರೀನ್‌ಶಾಟ್‌ಗಳು.

ನಂತರ ಒಂದೊಂದೇ ಹೊರಬಂತು. ನಿಶ್ಚಯದ ಫೋಟೋವನ್ನು ಆತ Close Friends ಪಟ್ಟಿಯ ಐದು ಗೆಳೆಯರಿಗಷ್ಟೇ ಕಾಣುವ ಹಾಗೆ ಸ್ಟೋರಿ ಹಾಕಿದ್ದ. ಅದು ಇಪ್ಪತ್ನಾಲ್ಕು ತಾಸಿಗೆ ಮಾಯ. ಫೇಸ್‌ಬುಕ್ಕಿನಲ್ಲಿ ಆಕೆ ತನ್ನ ಸಂಬಂಧದ ಜಾಗದಲ್ಲಿ ಈತನ ಹೆಸರು ಸೇರಿಸಿದ್ದಳು. ಅದು ಹೆಸರಿನ ಸಮೇತ ಕಾಣಬೇಕಾದರೆ ಈತ ಒಪ್ಪಿಗೆ ಒತ್ತಬೇಕು. ಎರಡು ತಿಂಗಳಾದರೂ ಒತ್ತಿರಲಿಲ್ಲ. ಬೇಡ ಅಂತಲೂ ಅಂದಿರಲಿಲ್ಲ. ಯಾಕೆ ಅಂತ ಕೇಳಿದರೆ "ಅದರಾಗೇನೈತಿ ಬಿಡು" ಅನ್ನುತ್ತಿದ್ದನಂತೆ.

ನಿಜವಾದ ಕಾರಣ ಬೇರೆ ಇತ್ತು. ಆತನ ಅಣ್ಣನಿಗೆ ಇನ್ನೂ ಮದುವೆಯಾಗಿಲ್ಲ. ಹೆಣ್ಣು ನೋಡುತ್ತಿದ್ದಾರೆ, ಕೂಡಿಬರುತ್ತಿಲ್ಲ. "ತಮ್ಮಂದು ಮೊದಲ ಗಟ್ಟಿ ಆತು ಅಂದ್ರ, ಅಣ್ಣನ ಕಡೆ ಏನೋ ಕೊರತಿ ಐತಿ ಅಂತ ಮಂದಿ ಅಂತಾರ್ರಿ. ಅವ್ವ ಯಾರಿಗೂ ಹೇಳಬ್ಯಾಡ ಅಂದಾಳ." ಇದನ್ನು ಆಕೆಗೆ ಹೇಳಲು ಆತನಿಗೆ ನಾಚಿಕೆ. ಅಣ್ಣನ ಮಾನದ ಮಾತು, ಬೇರೆ ಮನೆಯವಳಿಗೆ ಹೇಗೆ ಹೇಳುವುದು ಅನ್ನುವ ಸಂಕೋಚ. ಅರ್ಥವಾಗುವ ಸಂಕೋಚವೇ. ಆದರೆ ಕಾರಣ ಹೇಳದೆ ಮುಚ್ಚಿಟ್ಟರೆ, ಮುಚ್ಚಿಟ್ಟದ್ದು ಅಣ್ಣನ ವಿಷಯವೋ ಇನ್ನೊಬ್ಬ ಹೆಣ್ಣಿನ ವಿಷಯವೋ ಆಕೆಗೆ ಗೊತ್ತಾಗುವುದಾದರೂ ಹೇಗೆ? ಇಬ್ಬರೂ ಮಾತಾಡಿಕೊಂಡು ಊರಿಗೆ ಹೇಳದೆ ಇದ್ದರೆ ಅದು ಅವರ ಖಾಸಗಿ ವಿಷಯ. ಒಬ್ಬರು ಇನ್ನೊಬ್ಬರಿಗೂ ಹೇಳದೆ ಮುಚ್ಚಿದರೆ ಅದು ಗುಟ್ಟು. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಆದರೂ "ಈಗಲೇ ಸ್ಟೇಟಸ್ ಬದಲಿಸು" ಅಂತ ನಾನು ಆತನಿಗೆ ಹೇಳಲಿಲ್ಲ. ಜುಲುಮೆಯಿಂದ ಹಾಕಿಸಿದ ಸ್ಟೇಟಸ್ ಇನ್ನೊಂದು ಪುರಾವೆ ಆಗುತ್ತದೆ, ಅದರ ನೆಮ್ಮದಿಯೂ ಹದಿನೈದು ದಿನದ್ದೇ. ಆಕೆಗೆ ಬೇಕಾಗಿದ್ದದ್ದು ಸಾಕ್ಷಿ ಹೇಳುವ ಜನ. ಹಾಗಾಗಿ ಪುಣೆಯಲ್ಲಿ ಜೊತೆಗಿರುವ ರೂಮಿನವರಿಗೆ, ಹತ್ತಿರದ ಒಬ್ಬ ಗೆಳೆಯನಿಗೆ, ಸೋದರತ್ತೆಗೆ ಆಕೆಯನ್ನು ಫೋನಿನಲ್ಲಿ ಮಾತಾಡಿಸು ಅಂದೆ. ಬಾಯಿಂದ, ಹೆಸರು ಹಿಡಿದು, "ನಾ ಮದುವಿ ಆಗೋ ಹುಡುಗಿ" ಅಂತ ಹೇಳಿ. ಫೇಸ್‌ಬುಕ್ಕಿನದನ್ನು ತೂಗು ಹಾಕಿ ಇಡಬೇಡ, ಈಗ ಬೇಡ ಅಂತ ಕಾರಣ ಹೇಳಿ ತೆಗೆದುಬಿಡು, ಯುಗಾದಿಗೆ ಮತ್ತೆ ಇಬ್ಬರೂ ಕೂತು ಮಾತಾಡಿ ಅಂದೆ. ಅಣ್ಣನಿಗೆ ಹೆಣ್ಣು ಗೊತ್ತಾಗಲಿ ಆಗದಿರಲಿ, ಯುಗಾದಿ ದಾಟಬಾರದು.

ಆಕೆಗೂ ಕೆಲಸ ಕೊಟ್ಟೆ. ಹುಡುಕುವ ಜಾಗದಿಂದ ಆ ಗೆಳತಿಯ ಹೆಸರನ್ನು ನನ್ನ ಎದುರಿಗೇ ಅಳಿಸಿಸಿದೆ. ಆಗ ಆಕೆ ಮೆಲ್ಲಗೆ ಇನ್ನೊಂದು ಮಾತು ಹೇಳಿದಳು. ಒಂದು ರಾತ್ರಿ ಹೀಗೆಯೇ ಕೆಳಗಿಳಿಯುತ್ತಾ ಬೆರಳು ಎರಡು ಸಲ ತಾಗಿ ಆ ಗೆಳತಿಯ ಹಳೆಯ ಫೋಟೋಕ್ಕೆ ತಾನೇ ಲೈಕ್ ಒತ್ತಿಬಿಟ್ಟಿದ್ದಳಂತೆ. ತಕ್ಷಣ ತೆಗೆದಳು. ಆದರೆ ಅಷ್ಟರೊಳಗೆ ಆ ಕಡೆಯವರ ಫೋನಿನಲ್ಲಿ ಕಂಡಿದ್ದರೆ ಅಂತ ಬೆಳಗಿನವರೆಗೆ ನಿದ್ದೆ ಇಲ್ಲ. ಹುಡುಗ ಅದನ್ನು ಕೇಳಿ ನಗಲಿಲ್ಲ. ಅದು ನನಗೆ ಬಹಳ ಹಿಡಿಸಿತು.

ಇನ್ನು ಮುಂದೆ ಆ ಪುಟ ತೆರೆದಾಗಲೆಲ್ಲ ಒಂದು ಚೀಟಿಯಲ್ಲಿ ಗಂಟೆ ಬರೆದಿಡು, ತೆರೆಯುವ ಮೊದಲು ಏನಾಗಿತ್ತು ಅಂತಲೂ ಬರಿ ಅಂದೆ. ಮುಂದಿನ ಭೇಟಿಗೆ ಆ ಚೀಟಿ ತಂದಳು. ಎಂಟು ಸಲ ತೆರೆದಿದ್ದಳು. ಆರು ಸಲ ಅದಕ್ಕೆ ಮೊದಲು ಬರೆದದ್ದು ಒಂದೇ ಮಾತು: "ಯಾರೋ ಮದುವಿ ಯಾವಾಗ ಅಂತ ಕೇಳಿದ್ರು."

ಯುಗಾದಿಯ ಹೊತ್ತಿಗೆ ಅಣ್ಣನಿಗೆ ಹೆಣ್ಣು ಗೊತ್ತಾಗಿರಲಿಲ್ಲ. ಹುಡುಗ ತಾಯಿಯ ಜೊತೆ ಮಾತಾಡಿದ. ಒಂದಿಷ್ಟು ಜಗಳವೂ ಆಯಿತಂತೆ. ಫೇಸ್‌ಬುಕ್ಕಿನಲ್ಲಿ ಇವತ್ತಿಗೂ ಏನೂ ಹಾಕಿಲ್ಲ. ಆದರೆ ಸೋದರತ್ತೆ ಹಬ್ಬಕ್ಕೆ ಆಕೆಗೊಂದು ಇಳಕಲ್ ಸೀರೆ ಕಳಿಸಿದ್ದಾರೆ. ಅದನ್ನು ಹೇಳಲೆಂದೇ ಆಕೆ ನನಗೆ ಫೋನ್ ಮಾಡಿದ್ದಳು. ಮಾತು ಮುಗಿಯುವ ಹೊತ್ತಿಗೆ ನಾನು ಕೇಳದಿದ್ದರೂ ತಾನೇ ಹೇಳಿದಳು: "ಈ ತಿಂಗಳು ಎರಡು ಸಲ ಆಕಿ ಪೇಜ್ ತಗದೇನ್ರಿ ಮೇಡಮ್. ಆದರ ಕೆಳಗ ಹೋಗಲಿಲ್ರಿ."