ಮೋಕಾ ಪಾಟ್ ಕಾಫಿಯ ಸುಟ್ಟ ಕಹಿ ಎಲ್ಲಿಂದ ಬರ್ತದೆ?

ಪ್ರಶ್ನೆ: ಮೋಕಾ ಪಾಟ್‌ನಲ್ಲಿ ಮಾಡಿದ ಕಾಫಿ ಸುಟ್ಟ ಹಾಗೆ ಕಹಿ. ಉರಿ ಸಣ್ಣ ಮಾಡಿದರೂ ಹೋಗುವುದಿಲ್ಲ. ಏನು ಮಾಡಲಿ?

ಉರಿ ಸಣ್ಣ ಮಾಡಿದ್ದು ಸರಿ. ಆದರೆ ತಣ್ಣೀರು ಹಾಕಿ ಇಡ್ತೀರಿ, ಗುಳುಗುಳು ಸದ್ದು ನಿಲ್ಲುವವರೆಗೆ ಇಳಿಸುವುದಿಲ್ಲ ಅಂತ ನನ್ನ ಅಂದಾಜು. ಕಹಿ ಹೆಚ್ಚಾಗಿ ಬರುವುದು ಈ ಎರಡರಿಂದ.

ಮೋಕಾ ಪಾಟ್‌ನಲ್ಲಿ ನೀರು ಕೆಳಗಿನ ಪಾತ್ರೆಯಲ್ಲಿ, ಹುಡಿ ನಡುವಿನ ಬುಟ್ಟಿಯಲ್ಲಿ, ಕಾಫಿ ಬಂದು ಸೇರುವುದು ಮೇಲಿನ ಪಾತ್ರೆಯಲ್ಲಿ. ಕೆಳಗಿನ ಪಾತ್ರೆ ಕಾದ ಹಾಗೆ ಒಳಗಿನ ಗಾಳಿ ಮತ್ತು ಆವಿ ನೀರನ್ನು ಒತ್ತುತ್ತವೆ. ನೀರು ಕೊಳವೆಯಲ್ಲಿ ಹತ್ತಿ ಹುಡಿಯ ಮೂಲಕ ಮೇಲೆ ಬರುತ್ತದೆ. ನೀರು ಕೊಳವೆಯ ತುದಿಗಿಂತ ಕೆಳಗಿಳಿದ ಮೇಲೆ ಆವಿಯೇ ಹುಡಿಯೊಳಗೆ ನುಗ್ಗುತ್ತದೆ. ಗುಳುಗುಳು ಅನ್ನುವುದು ಅದೇ. ಅಷ್ಟರಲ್ಲಿ ಹುಡಿಯ ರುಚಿಯೆಲ್ಲ ಇಳಿದಿರುತ್ತದೆ, ಉಳಿದದ್ದು ಕಹಿ ಮಾತ್ರ. ಇನ್ನು ತಣ್ಣೀರನ್ನು ಸಣ್ಣ ಉರಿಯಲ್ಲಿಟ್ಟರೆ ನೀರು ಕಾಯುವಷ್ಟು ಹೊತ್ತೂ ಹುಡಿ ಬಿಸಿ ಲೋಹದ ನಡುವೆ ಸುಮ್ನೆ ಬೇಯುತ್ತದೆ. ಬರೀ ಉರಿ ಇಳಿಸಿ ಪ್ರಯೋಜನ ಕಾಣದ್ದು ಅದಕ್ಕೇ.

ನನ್ನದು ಮೂರು ಕಪ್ಪಿನ ಪಾಟ್. ಬೇರೆ ಪಾತ್ರೆಯಲ್ಲಿ ಕುದಿಸಿದ ನೀರನ್ನು ಸೇಫ್ಟಿ ವಾಲ್ವ್‌ನ ಸ್ವಲ್ಪ ಕೆಳಗಿನವರೆಗೆ ಹಾಕುತ್ತೇನೆ, ಸುಮಾರು 150 ಮಿಲಿ. ವಾಲ್ವ್ ಮುಳುಗಬಾರದು, ಒತ್ತಡ ಜಾಸ್ತಿಯಾದರೆ ಆವಿ ಹೊರಗೆ ಹೋಗಬೇಕಾದ ದಾರಿ ಅದೊಂದೇ. ಹುಡಿ ಸುಮಾರು 15 ಗ್ರಾಂ. ಬುಟ್ಟಿ ತುಂಬಿಸಿ ಬೆರಳಲ್ಲಿ ಮಟ್ಟ ಮಾಡಿದರೆ ಸಾಕು, ಒತ್ತಬಾರದು. ತಳ ಸುಡುತ್ತದೆ, ಬೈರಾಸು ಸುತ್ತಿ ಹಿಡಿದು ಮೇಲಿನ ಪಾತ್ರೆಯನ್ನು ಗಟ್ಟಿಯಾಗಿ ತಿರುಗಿಸಿ.

ಗ್ಯಾಸಿನ ಸಣ್ಣ ಬರ್ನರ್‌ನಲ್ಲಿಡಿ. ಉರಿ ಪಾಟ್‌ನ ತಳದ ಅಂಚು ದಾಟಬಾರದು. ಮುಚ್ಚಳ ತೆರೆದಿಟ್ಟು ನೋಡುತ್ತಿರಿ. ಮೊದಲು ಕಡು ಕಂದು ಕಾಫಿ ಜೇನಿನ ಹಾಗೆ ನಿಧಾನ ಇಳಿಯುತ್ತದೆ. ಆಗಲೇ ಉರಿ ಪೂರ್ತಿ ತಗ್ಗಿಸಿ. ಬಣ್ಣ ತಿಳಿ ಹಳದಿಗೆ ತಿರುಗಿದ ಕೂಡಲೇ, ಸದ್ದು ಶುರುವಾಗುವ ಮೊದಲೇ ಇಳಿಸಿ ತಳವನ್ನು ನಲ್ಲಿ ನೀರಿಗೆ ಹಿಡಿಯಿರಿ. ಒತ್ತಡ ಇಳಿದು ಹರಿವು ನಿಲ್ಲುತ್ತದೆ. ತಳದಲ್ಲಿ ಸ್ವಲ್ಪ ನೀರು ಉಳಿಯುತ್ತದೆ, ಉಳಿಯಲಿ.

ಕಾಫಿ ಪಿಚಕಾರಿಯಾಗಿ ಚಿಮ್ಮಿದರೆ ಉರಿ ಜಾಸ್ತಿ. ಏನೂ ಬಾರದೆ ವಾಲ್ವ್‌ನಲ್ಲಿ ಆವಿ ಹೋದರೆ ಹುಡಿ ತೀರಾ ನುಣ್ಣಗಾಗಿದೆ, ತಕ್ಷಣ ಒಲೆ ಆರಿಸಿ, ಪೂರ್ತಿ ತಣಿಯುವವರೆಗೆ ತೆರೆಯಬೇಡಿ. ಕಾಫಿ ಹುಳಿಯಾದರೆ ಬೇಗ ಇಳಿಸಿದ್ದೀರಿ, ಇಲ್ಲವೇ ಹುಡಿ ತರಿಯಾಗಿದೆ.

ನಮ್ಮ ಕಾಸರಗೋಡಿನ ಕಡೆ ಅಂಗಡಿಯಲ್ಲಿ ಸುಮ್ನೆ ಕಾಫಿ ಹುಡಿ ಅಂದರೆ ಚಿಕೋರಿ ಬೆರೆಸಿದ್ದೇ ಕೊಡುವುದು ಜಾಸ್ತಿ. ಫಿಲ್ಟರಿಗೆ ಅದು ಸರಿ, ಇದಕ್ಕೆ ಬೇಡ. ಚಿಕೋರಿ ನೀರಿಗೆ ಅಂಟಾಗಿ ದಾರಿ ಕಟ್ಟುತ್ತದೆ, ಅದರದ್ದೇ ಕಹಿಯೂ ಇದೆ. ಚಿಕೋರಿ ಇಲ್ಲದ್ದನ್ನು ಕೇಳಿ, ಪುಡಿ ಉಪ್ಪಿನಷ್ಟು ಅರೆಸಿ. ಇಷ್ಟಾದ ಮೇಲೂ ಕಹಿ ಇದ್ದರೆ ಬೀಜವನ್ನೇ ಕಪ್ಪಗೆ ಹುರಿದಿರಬಹುದು, ಅಥವಾ ರೊಬಸ್ಟಾ ಹೆಚ್ಚಿರಬಹುದು. ಆ ಕಹಿಯನ್ನು ಒಲೆಯಲ್ಲಿ ತೆಗೆಯಲಾಗದು, ಹಾಲು ಹಾಕಿ ಕುಡಿಯಿರಿ.