ಕೈಬರಹದಲ್ಲಿ ದ ಯಾವುದು, ಧ ಯಾವುದು?

ಪ್ರಶ್ನೆ: ಉಡುಪಿಯ ಅಜ್ಜನ ಲೆಕ್ಕದ ಪುಸ್ತಕ ಯೂನಿಕೋಡ್‌ನಲ್ಲಿ ಟೈಪ್ ಮಾಡ್ತಿದ್ದೇನೆ. ಎರಡು ರೀತಿ ಓದಬಹುದಾದ ಅಕ್ಷರಕ್ಕೆ ಏನು ಮಾಡಲಿ?

ಊಹಿಸಿ ತಿದ್ದಬೇಡಿ, ಗುರುತು ಹಾಕಿ. ‘ದನ ಕೊಟ್ಟದ್ದು’ ಅಂತ ಕಾಣುತ್ತದೆ ಅಂದುಕೊಳ್ಳಿ. ಹಸುವೋ, ಹಣವೋ? ಎರಡೂ ಹೊಂದುತ್ತದೆ ಅಲ್ವಾ! ಮೊದಲು ಅದೇ ಕೈ ಬರೆದ ‘ಧರ್ಮಸ್ಥಳ’ ಹುಡುಕಿ. ನಮ್ಮ ಕಡೆಯ ಲೆಕ್ಕದಲ್ಲಿ ಅದು ಎಲ್ಲಾದರೂ ಸಿಕ್ಕೀತು. ಅಲ್ಲಿ ಧ ಕೆಳಗೆ ಸೀಳು ಇದ್ದರೆ, ಇಲ್ಲಿರುವುದು ಬಹುಶಃ ದನವೇ. ಅಲ್ಲೂ ಸೀಳಿಲ್ಲ ಅಂದರೆ ಅಜ್ಜ ಅದನ್ನು ಬಿಟ್ಟೇ ಬರೆಯುತ್ತಿದ್ದರು, ಆಕಾರ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಆಗ ಹೀಗೆ ಟೈಪ್ ಮಾಡಿ, ಪಕ್ಕದಲ್ಲಿ ಪುಟ, ಸಾಲು ಬರೆದಿಡಿ:

```
ದನ[?ಧನ] ಕೊಟ್ಟದ್ದು
```

ಎರಡೂ ಪದ ಪೂರ್ತಿ ಇರಲಿ. `[ದ/ಧ]ನ` ಅಂತ ಒಡೆದರೆ ಆಮೇಲೆ ಹುಡುಕಿದಾಗ ಎರಡೂ ಸಿಗುವುದಿಲ್ಲ.

ಮೊತ್ತಗಳಲ್ಲಿ ಸೊನ್ನೆಯನ್ನೂ ನೋಡಿಕೊಳ್ಳಿ. ೧೦ರ ಸೊನ್ನೆ U+0CE6, ಅನುಸ್ವಾರ U+0C82. ಅನುಸ್ವಾರ ಒತ್ತಿದರೆ ಆಮೇಲೆ ೧೦ ಅಂತ ಹುಡುಕಿದಾಗ ಆ ಮೊತ್ತ ಸಿಗುವುದಿಲ್ಲ.